ಒಂದು ಕೊಡೆ, ಎರಡು ಕರಡು

ವಾರ್ಷಿಕೋತ್ಸವಕ್ಕೆಂದು ಬರೆದ ಸ್ಕಿಟ್‌ನ ಎರಡು ಕರಡುಗಳನ್ನು ಒಟ್ಟಿಗೇ ನಮ್ಮ ಕನ್ನಡ ಮೇಡಂ ಕೈಗೆ ಕೊಟ್ಟಿದ್ದೆ. ಯಾವುದನ್ನು ಆಡೋಣ ಅಂತಷ್ಟೇ ನಾನು ಕೇಳಿದ್ದು. ಅವರು ಬಾಯಲ್ಲಿ ಏನೂ ಹೇಳಲಿಲ್ಲ. ಒಂದು ಹಾಳೆಯ ಎರಡೂ ಮಗ್ಗುಲು ತುಂಬ ಬರೆದು ಕೊಟ್ಟರು. ಮೊದಲ ಸಾಲು ಹೀಗಿತ್ತು: "ಎರಡನೆಯದರಲ್ಲಿ ನಗು ಜಾಸ್ತಿ ಇದೆ. ಆದರೂ ಮೊದಲನೆಯದೇ ಗಟ್ಟಿ."

ನನಗೆ ಅದು ಒಪ್ಪಿಗೆಯಾಗಲಿಲ್ಲ. ಗೆಳೆಯರ ಮುಂದೆ ಓದಿದಾಗ ಬಿದ್ದು ಬಿದ್ದು ನಕ್ಕಿದ್ದು ಎರಡನೆಯದಕ್ಕೆ. ಹಾಗಾಗಿ ಆ ಚೀಟಿಯನ್ನು ಜಗಳಕ್ಕೆ ನಿಂತವನ ಹಾಗೆ ಓದಿದೆ. ಬಹುಶಃ ಅದಕ್ಕೇ ಅದು ಇಷ್ಟು ಚೆನ್ನಾಗಿ ನೆನಪಿರುವುದು.

ಸ್ಕಿಟ್‌ನ ವಿಷಯ ಸಣ್ಣದು. ಕಳೆದುಹೋದ ಸಾಮಾನುಗಳನ್ನು ಇಡುವ ಕೌಂಟರ್. ಒಬ್ಬ ತನ್ನ ಕೊಡೆ ಕೇಳಿಕೊಂಡು ಬರುತ್ತಾನೆ. ಗುಮಾಸ್ತ ಆ ಕೊಡೆಯನ್ನು ಕಳೆದುಹೋದ ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಾನೆ. ಮೊದಲ ಕರಡಿನಲ್ಲಿ ಮಾತು ಹೀಗೆ ಸಾಗುತ್ತಿತ್ತು:

"ಕೊನೇ ಸಲ ಯಾವಾಗ ನೋಡಿದ್ರಿ?"
"ಬೆಳಿಗ್ಗೆ, ಬಸ್ಸಲ್ಲಿ."
"ಜೊತೆಗೆ ಯಾರಿದ್ರು?"
"ಯಾರೂ ಇರ್ಲಿಲ್ಲ."
"ಒಂಟಿಯಾಗಿ ಬಿಟ್ಟು ಇಳಿದುಬಿಟ್ರಾ?"
"ಅದು ಕೊಡೆ ಕಣ್ರೀ!"
"ಅದಕ್ಕೇ ಕೇಳಿದ್ದು ಸಾರ್. ಇಲ್ಲಿಗೆ ಬಂದಾಗ ಮೈಯೆಲ್ಲ ಒದ್ದೆಯಾಗಿತ್ತು."

ಕೊಡೆಯವನು ಮೊದಲು ರೇಗುತ್ತಾನೆ. ಆಮೇಲೆ ಸಮಜಾಯಿಷಿ ಕೊಡುತ್ತಾನೆ. ಕೊನೆಗೆ, ಕೆಲಸದ ಗಲಾಟೆಯಲ್ಲಿ ತಾನು ಅದರ ಕಡೆ ಗಮನ ಕೊಟ್ಟಿಲ್ಲ ಅಂತ ತಾನೇ ಗದ್ಗದನಾಗುತ್ತಾನೆ.

ಎರಡನೇ ಕರಡಿನಲ್ಲಿ ಇದರ ಮೇಲೆ ಇನ್ನೂ ಒಂದಷ್ಟು ಹೇರಿದ್ದೆ. ಹಲ್ಲುಸೆಟ್ಟು ಕಳೆದುಕೊಂಡ ಮುದುಕ ಬಂದ. ಪ್ರಿನ್ಸಿಪಾಲರ ನಡಿಗೆಯಲ್ಲಿ ನಡೆಯುವ ಜವಾನ ಬಂದ. "ಕೊಡೆ ಕೊಡಿ" ಅಂದರೆ ಗುಮಾಸ್ತ "ಕೊಡೆ!" ಅನ್ನುತ್ತಿದ್ದ. ಎಲ್ಲರೂ ನಕ್ಕಿದ್ದು ಇಲ್ಲಿಯೇ.

ಮೇಡಂ ಹಿಡಿದದ್ದೂ ಇದೇ ಮಾತನ್ನು. "ಈ ಸಾಲನ್ನು ಬೆರಳಿನಿಂದ ಮುಚ್ಚಿ ಮುಂದಿನ ಸಾಲು ಓದು" ಅಂತ ಬರೆದಿದ್ದರು. "ಏನೂ ಬದಲಾಗುವುದಿಲ್ಲ, ಅಲ್ವಾ? ಈಗ ಮೊದಲ ಕರಡಿನಲ್ಲಿ 'ಯಾರೂ ಇರ್ಲಿಲ್ಲ' ಅನ್ನುವುದನ್ನು ಮುಚ್ಚು. ಮುಂದಿನ ಪ್ರಶ್ನೆ ನಿಲ್ಲುವುದೇ ಇಲ್ಲ." ನಾನು ಎರಡೂ ಕರಡಿನ ಮೇಲೆ ಈ ಬೆರಳಿನ ಪರೀಕ್ಷೆ ಮಾಡಿದೆ. ಮೊದಲನೆಯದರಲ್ಲಿ ಎಲ್ಲಿ ಮುಚ್ಚಿದರೂ ಮಾತು ಮುಗ್ಗರಿಸುತ್ತಿತ್ತು. ಎರಡನೆಯದರಲ್ಲಿ ಅರ್ಧ ಪುಟ ಮುಚ್ಚಿದರೂ ಕಥೆ ಸುಮ್ನೆ ಮುಂದಕ್ಕೆ ಹೋಗುತ್ತಿತ್ತು.

ಇದಕ್ಕಿಂತ ದೊಡ್ಡ ತಕರಾರು ಗುಮಾಸ್ತನ ಬಗ್ಗೆ. ಮೊದಲ ಕರಡಿನ ಗುಮಾಸ್ತನಿಗೆ ತಾನು ತಮಾಷೆ ಮಾಡುತ್ತಿದ್ದೇನೆ ಅಂತ ಗೊತ್ತೇ ಇಲ್ಲ. ಅವನಿಗೆ ನಿಜವಾಗಲೂ ಆ ಕೊಡೆಯ ಚಿಂತೆ. ಅವನು ಅಷ್ಟು ಗಂಭೀರವಾಗಿರುವುದರಿಂದಲೇ ಎದುರಿನವನು ಸೋಲುತ್ತಾನೆ. ಎರಡನೆಯದರಲ್ಲಿ ಅವನು "ಕೊಡೆ!" ಅಂದ ಕ್ಷಣವೇ ಮಾತಿನ ಚಮತ್ಕಾರ ಬಲ್ಲ ಚೂಟಿ ಮನುಷ್ಯನಾಗಿಬಿಟ್ಟ. ಅಂಥವನು ಕೊಡೆಗಾಗಿ ಮರುಗಿದರೆ ಯಾರು ನಂಬುತ್ತಾರೆ? ಅದೂ ಒಂದು ನಾಟಕ ಅಂತಲೇ ಅಂದುಕೊಳ್ಳುತ್ತಾರೆ. ಒಂದು ನಗುವಿಗಾಗಿ ಮುಂದಿನ ಎಲ್ಲ ನಗುವನ್ನೂ ಮಾರಿಕೊಂಡೆ ಅನ್ನುವುದು ಮೇಡಂ ವಾದ. ಇಷ್ಟರಲ್ಲಿ ನನ್ನ ಜಗಳದ ಅರ್ಧ ಹುರುಪು ಇಳಿದಿತ್ತು.

ಉಳಿದರ್ಧ ಇಳಿಸಿದ್ದು ಪ್ರಶ್ನೆಗಳ ಸರದಿ. ಗುಮಾಸ್ತನ ಪ್ರಶ್ನೆಗಳಿಗೆಲ್ಲ ಅವರು ಪೆನ್ಸಿಲ್‌ನಲ್ಲಿ ಒಂದು, ಎರಡು, ಮೂರು ಅಂತ ಗುರುತು ಹಾಕಿದ್ದರು. ಒಂದು ಅಂದರೆ ಯಾವ ಸಾಮಾನಿಗೂ ಕೇಳಬಹುದಾದ ಪ್ರಶ್ನೆ: "ಕೊನೇ ಸಲ ಯಾವಾಗ ನೋಡಿದ್ರಿ?" ಎರಡು ಅಂದರೆ ಸ್ವಲ್ಪ ಅನುಮಾನ ಬರಿಸುವಂಥದ್ದು: "ಜೊತೆಗೆ ಯಾರಿದ್ರು?" ಮೂರು ಅಂದರೆ ಮಗುವಿನ ಬಗ್ಗೆ ಮಾತ್ರ ಕೇಳುವಂಥದ್ದು: "ನಿಮ್ಮನ್ನ ನೋಡಿದ್ರೆ ಗುರುತು ಹಿಡಿಯುತ್ತಾ?" ಮೊದಲ ಕರಡಿನಲ್ಲಿ ಗುರುತುಗಳು ಒಂದರಿಂದ ಮೂರಕ್ಕೆ ಏರುತ್ತಿದ್ದವು. ಎರಡನೆಯದರಲ್ಲಿ ಬಾಗಿಲಲ್ಲೇ ಮೂರು! ಗುಟ್ಟು ಅಲ್ಲೇ ಬಿಟ್ಟುಕೊಟ್ಟ ಮೇಲೆ ಏರಲು ಜಾಗವೇ ಇಲ್ಲ. ಹಾಗಾಗಿ ಕೊಡೆಯವನು ಶುರುವಿನಿಂದ ಕೊನೆಯವರೆಗೆ ಒಂದೇ ಸ್ವರದಲ್ಲಿ ಕೂಗಾಡುತ್ತಿದ್ದ. ನಗು ಕಮ್ಮಿಯಾಯಿತು ಅನ್ನಿಸಿದಾಗಲೆಲ್ಲ ಮುದುಕನನ್ನೋ ಜವಾನನನ್ನೋ ಒಳಗೆ ತಂದಿದ್ದೆ. ಜವಾನನ ಬಗ್ಗೆ ಅವರು ಬರೆದದ್ದು ಒಂದೇ ಸಾಲು: "ಪ್ರಿನ್ಸಿಪಾಲರ ನಡಿಗೆ ನಿಮಗೆ ಗೊತ್ತು, ಮುಂದೆ ಕೂರುವ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ." ಮುದುಕನ ಬಗ್ಗೆ: "ಇವನು ಚೆನ್ನಾಗಿದ್ದಾನೆ. ಆದರೆ ಇವನದು ಬೇರೆ ಸ್ಕಿಟ್. ಬೇರೆ ಹಾಳೆಯಲ್ಲಿ ಬರಿ."

ಹಾಗಂತ ಎರಡನೆಯದನ್ನು ಪೂರ್ತಿ ತಳ್ಳಿಹಾಕಿರಲಿಲ್ಲ. ಮೊದಲ ಕರಡು ಶುರುವಾಗುತ್ತಿದ್ದದ್ದು ಫೋನಿನಿಂದ. ಕೊಡೆ ಎಲ್ಲಿ ಹೋಯಿತು, ಹೇಗೆ ಹೋಯಿತು ಅಂತ ಅವನು ಹೆಂಡತಿಗೆ ಒಂದು ಪುಟ ವಿವರಿಸುತ್ತಿದ್ದ. ಹೆಚ್ಚುಕಮ್ಮಿ ಒಂದು ಪುಟ ಅಂದರೆ ರಂಗದ ಮೇಲೆ ಒಂದು ನಿಮಿಷ. ನಮಗೆ ಕೊಟ್ಟಿದ್ದೇ 5 ನಿಮಿಷ. ಎರಡನೆಯದರಲ್ಲಿ ಅವನು ನೇರವಾಗಿ ಕೌಂಟರ್‌ಗೆ ಬಂದು "ನನ್ನ ಕೊಡೆ ಇಲ್ಲಿದೆಯಂತೆ" ಅನ್ನುತ್ತಾನೆ. ಮೇಡಂಗೆ ಬೇಕಾಗಿದ್ದು ಅಷ್ಟೇ. ಉಳಿದದ್ದೆಲ್ಲ ಗುಮಾಸ್ತನ ಪ್ರಶ್ನೆಗಳಿಂದಲೇ ಹೊರಗೆ ಬರುತ್ತದೆ ಅಂತ ಬರೆದಿದ್ದರು.

ಮುಕ್ತಾಯ ಮಾತ್ರ ಎರಡರಲ್ಲೂ ಸೊರಗಿತ್ತು. ಒಂದರಲ್ಲಿ, ಆ ಕೊಡೆ ಅವನದ್ದೇ ಅಲ್ಲ ಅಂತ ಗೊತ್ತಾಗುತ್ತಿತ್ತು. ಇನ್ನೊಂದರಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎರಡೂ ಹೊರಗಿನಿಂದ ತಂದು ಅಂಟಿಸಿದವು. ಆದರೆ ಎರಡನೇ ಕರಡಿನ ನಡುವೆ, ಮುದುಕನ ಗಲಾಟೆಯಲ್ಲಿ ಯಾರಿಗೂ ಕೇಳಿಸದ ಹಾಗೆ, ಗುಮಾಸ್ತನ ಒಂದು ಮಾತು ಬಿದ್ದಿತ್ತು: "ಮಳೆಗೆ ಮಾತ್ರ ಕರ್ಕೊಂಡು ಹೋಗ್ಬೇಡಿ ಸಾರ್, ನೆನೆಯತ್ತೆ." ನನಗೆ ಅದರ ಬೆಲೆ ಗೊತ್ತಿರಲಿಲ್ಲ. ಗೆಳೆಯರೂ ಅದಕ್ಕೆ ನಕ್ಕಿರಲಿಲ್ಲ. ಮೇಡಂ ಅದರ ಸುತ್ತ ವೃತ್ತ ಹಾಕಿ, ಮೊದಲ ಕರಡಿನ ಕೊನೆಯವರೆಗೆ ಬಾಣ ಎಳೆದಿದ್ದರು. ಕೊಡೆ ಕೈಗೆ ಬಂದ ಮೇಲೆ, ಅವನು ಕಣ್ಣೊರೆಸಿಕೊಂಡು ಹೊರಟಾಗ ಈ ಮಾತು. ಅದರ ಮೇಲೆ ಯಾರೂ ಏನೂ ಹೇಳಬಾರದು.

ಇನ್ನೊಂದು ಎಚ್ಚರಿಕೆಯೂ ಇತ್ತು. "ಮೈಯೆಲ್ಲ ಒದ್ದೆಯಾಗಿತ್ತು" ಅಂದಾಗ ಜನ ನಗುತ್ತಾರೆ, ಅದರ ನಂತರದ ಮಾತು ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ಮುಖ್ಯವಾದದ್ದು ಏನೂ ಇರಬಾರದು, ಗುಮಾಸ್ತ ನಿಧಾನವಾಗಿ ರಿಜಿಸ್ಟರ್ ತಿರುವಲಿ. ನನಗೆ ಇದು ಅತಿಯಾಯಿತು ಅನ್ನಿಸಿತ್ತು. ಆಟದ ದಿನ ಗುಮಾಸ್ತ ಎರಡು ಹಾಳೆ ತಿರುವಿದರೂ ನಗು ನಿಂತಿರಲಿಲ್ಲ. ಅವನು ಪಾಪ, ಬೆರಳು ಎಂಜಲು ಮಾಡಿಕೊಂಡು ಮೂರನೆಯದನ್ನೂ ತಿರುವಿದ.

ಹಲ್ಲುಸೆಟ್ಟಿನ ಮುದುಕನನ್ನು ಮಾರನೇ ವರ್ಷ ಬೇರೆ ಹಾಳೆಯಲ್ಲೇ ಬರೆದೆ. ಅದಕ್ಕೂ ಎರಡು ಕರಡು ಮಾಡಿ ಕೊಟ್ಟೆ. ಆ ಸಲ ಚೀಟಿ ಚಿಕ್ಕದಿತ್ತು. ಎರಡೂ ಬೇಡ ಅಂದಿದ್ದರು.