ಮುಂದೆ ಐಪಿ 65, ಹಿಂದೆ ಐಪಿ 20

ಮನೆ ಹ್ಯಾಂಡೋವರ್ ಆದ ಮೇಲೆ ಬರುವ ದೂರುಗಳಲ್ಲಿ ನನಗೆ ಅತ್ಯಂತ ಬೇಸರ ತರಿಸುವುದು ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ ಎಂಬ ದೂರು. ಡಿಬಿ ಎಂಬ ವಿದ್ಯುತ್ ಪೆಟ್ಟಿಗೆಯಲ್ಲಿ ಕೂತು, ಅರ್ತ್‌ಗೆ ಕರೆಂಟ್ ಸೋರಿದರೆ ಮನೆಯ ಸಪ್ಲೈ ಕಡಿಯುವ ಸ್ವಿಚ್ ಅದು; ಸುಮ್ಮಸುಮ್ಮನೆ ಟ್ರಿಪ್ ಆಗುವುದಿಲ್ಲ. ಆದರೆ ನಾವು ಮೀಟರ್ ಹಿಡಿದು ಹೋಗುವ ಹೊತ್ತಿಗೆ ಕಾರಣವು ಆರಿ ಒಣಗಿರುತ್ತದೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ತಂಡ ಒಳಾಂಗಣದ ಕೆಲಸ ಮುಗಿಸಿಕೊಟ್ಟ ಫ್ಲ್ಯಾಟಿನಲ್ಲಿ ಆದದ್ದೂ ಇದೇ. ಬೆಳಿಗ್ಗೆ ಸ್ನಾನಕ್ಕೆ ನಿಂತವರ ತಲೆಯ ಮೇಲಿನ ದೀಪದಿಂದ ಹಿಡಿದು ಅಡುಗೆಮನೆಯ ಫ್ರಿಜ್ಜಿನವರೆಗೆ ಎಲ್ಲವೂ ಒಮ್ಮೆಲೇ ಆರುತ್ತಿತ್ತು. ಮನೆಯ ಯಜಮಾನರು ನಿವೃತ್ತರು, ತಾಳ್ಮೆಯವರು. ಆದರೂ ಫೋನಿನಲ್ಲಿ, "ಏನಪ್ಪಾ, ಮೈಗೆಲ್ಲ ಸೋಪು ಹಚ್ಚಿಕೊಂಡು ಕತ್ತಲಲ್ಲಿ ಡಿಬಿ ಹುಡುಕಿಕೊಂಡು ಹೋಗಬೇಕಾ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಸ್ನಾನದ ಹೊತ್ತಿಗೇ ಟ್ರಿಪ್ ಆಗುತ್ತದೆ ಎಂದರೆ ಯಾರ ಕಣ್ಣಾದರೂ ಮೊದಲು ಗೀಸರಿನ ಮೇಲೆಯೇ ಬೀಳುತ್ತದೆ. ಎಲಿಮೆಂಟಿನ ಕವಚ ಬಿರುಕು ಬಿಟ್ಟರೆ ಅರ್ತ್‌ಗೆ ಸೋರಿಕೆಯಾಗುವುದು ದಿನನಿತ್ಯದ ಸಂಗತಿ. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಾವು ಬಾತ್‌ರೂಮಿನ ಲೈಟ್ ಸರ್ಕ್ಯೂಟನ್ನು ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಿಂದ ನೋಡಿದಾಗ ನೂರು ಮೆಗಾಓಮ್‌ಗಿಂತ ಹೆಚ್ಚು ತೋರಿಸಿತು. ಅಲ್ಲಿಗೆ ದೀಪಗಳು ನಿರಪರಾಧಿ ಎಂದು ತೀರ್ಮಾನವಾಗಿ, ಗೀಸರಿನ ಎಲಿಮೆಂಟ್ ಬದಲಾಯಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಫೋನು ಬಂತು.

ಎರಡನೆಯ ಸಲ ಹೋದಾಗ ನಮ್ಮ ಎಲೆಕ್ಟ್ರಿಷಿಯನ್ ಹೇಳಿದ ಮಾತಿನಿಂದ ದಾರಿ ಕಂಡಿತು. "ಸಾರ್, ಒಣಗಿದಾಗ ನೋಡಿದರೆ ಏನೂ ಸಿಗಲ್ಲ, ಸ್ನಾನ ಮಾಡಿಸಿ ನೋಡೋಣ" ಎಂದ. ನೀರು ಕಾಯಿಸಿ, ಗೀಸರಿನ ಡಿಪಿ ಸ್ವಿಚ್ಚನ್ನು ಪೂರ್ತಿ ಆರಿಸಿ, ಬಾತ್‌ರೂಮಿನ ದೀಪ ಮತ್ತು ಎಗ್ಜಾಸ್ಟ್ ಫ್ಯಾನ್ ಹಾಕಿ, ಬಿಸಿನೀರಿನ ಶವರ್ ತೆರೆದು ಬಾಗಿಲು ಎಳೆದುಕೊಂಡೆವು. ಒಳಗೆ ಯಾರನ್ನೂ ಬಿಡಲಿಲ್ಲ. ಅವನು ಡಿಬಿಯ ಮುಂದೆ ನಿಂತ, ನಾನು ಬಾಗಿಲ ಹೊರಗೆ ನಿಂತೆ, ಯಜಮಾನರು ಕುರ್ಚಿ ತಂದು ಇಬ್ಬರ ನಡುವೆ ಕುಳಿತರು. ನೀರು ಸುರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಗೀಸರಿನ ನೀರು ಮುಗಿಯುತ್ತ ಬಂತು, ಏನೂ ಆಗಲಿಲ್ಲ. ಎಲಿಮೆಂಟಿನ ಬಿಲ್ಲನ್ನು ಯಾರ ತಲೆಗೆ ಕಟ್ಟುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಆಗಲೇ ಡಿಬಿಯಲ್ಲಿ ಟಕ್ ಎಂದಿತು. ಆರ್‌ಸಿಸಿಬಿ ಮೇಲೆತ್ತಿದರೆ ನಿಲ್ಲಲಿಲ್ಲ. ಬಾತ್‌ರೂಮಿನ ದೀಪದ ಸ್ವಿಚ್ ಆರಿಸಿದ ಮೇಲೆ ನಿಂತಿತು. ಗೀಸರ್ ಅಷ್ಟು ಹೊತ್ತೂ ಆಫ್ ಇತ್ತು.

ಕೂಡಲೇ ಮೇನ್ ಆರಿಸಿ, ಎಲ್‌ಇಡಿ ದೀಪಕ್ಕೆ ಕರೆಂಟ್ ಒದಗಿಸುವ ಡ್ರೈವರಿಗೆ ಪೆಟ್ಟಾಗದಂತೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ ಅರ್ತ್‌ಗೆ ಮೆಗ್ಗರ್ ಹಿಡಿದಾಗ 0.02 ಮೆಗಾಓಮ್ ಬಂತು, ಅಂದರೆ ಇಪ್ಪತ್ತು ಸಾವಿರ ಓಮ್. 230 ವೋಲ್ಟಿಗೆ ಇದರಿಂದ ಸೋರುವುದು ಸುಮಾರು ಹನ್ನೊಂದೂವರೆ ಮಿಲಿಆಂಪ್. 30 ಮಿಲಿಆಂಪಿನ ಆರ್‌ಸಿಸಿಬಿ ಇಷ್ಟಕ್ಕೇ ಬೀಳಬಾರದು. ಆದರೆ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಮೇಲಾಗಿ ಇಡೀ ಮನೆಗೆ ಇದ್ದದ್ದು ಒಂದೇ ಆರ್‌ಸಿಸಿಬಿ. ವಾಷಿಂಗ್ ಮಷಿನ್, ಕಂಪ್ಯೂಟರ್, ಟಿವಿಗಳ ಫಿಲ್ಟರುಗಳಿಂದ ಸದಾ ಸೋರುವ ಆರೇಳು ಮಿಲಿಆಂಪ್ ಇದಕ್ಕೆ ಸೇರಿದರೆ ಲೆಕ್ಕ ಹದಿನೆಂಟರ ಹತ್ತಿರ ಬರುತ್ತದೆ. ಕೆಲವು ಬೆಳಿಗ್ಗೆ ಬೀಳುತ್ತಿತ್ತು, ಕೆಲವು ಬೆಳಿಗ್ಗೆ ಬೀಳುತ್ತಿರಲಿಲ್ಲ ಎಂಬುದರ ಗುಟ್ಟು ಇಷ್ಟೇ.

ಇನ್ನು ದೀಪದ ವಿಷಯ. ಅದು ರೇನ್ ಶವರಿನ ಮಧ್ಯದಿಂದ 40 ಸೆಂಟಿಮೀಟರ್ ದೂರದಲ್ಲಿ ಫಾಲ್ಸ್ ಸೀಲಿಂಗಿನೊಳಗೆ ಕುಳಿತ ಡೌನ್‌ಲೈಟ್. ಸೀಲಿಂಗಿನ ಎತ್ತರ 2.3 ಮೀಟರ್, ರೇನ್ ಶವರ್ ಕೂಡ ಅದೇ ಮಟ್ಟಕ್ಕೆ ಸೀಲಿಂಗಿನಲ್ಲಿ ಹುದುಗಿತ್ತು. ಡಿಸೈನರ್ ಮೊದಲಿಂದಲೂ ಹೇಳುತ್ತಿದ್ದದ್ದು, ಬಾತ್‌ರೂಮಿನ ವೈರಿಂಗ್ ನಿಯಮಗಳಿರುವ ಐಇಸಿ 60364ರ 701ನೇ ಭಾಗದಲ್ಲಿ ನೀರು ತಾಗಬಹುದಾದ ವಲಯದ ಎತ್ತರ 2.25 ಮೀಟರ್ ಮಾತ್ರ, ಅದರ ಮೇಲಿನದ್ದಕ್ಕೆ ಯಾವ ದೀಪವಾದರೂ ಆದೀತು ಎಂದು. ಅರ್ಧ ಸರಿ. ಗೋಡೆಗೋ ಸೀಲಿಂಗಿಗೋ ಸ್ಥಿರವಾಗಿ ಕೂರಿಸಿದ ಶವರಿನ ಬಾಯಿ 2.25ಕ್ಕಿಂತ ಮೇಲಿದ್ದರೆ ವಲಯವೂ ಆ ಬಾಯಿಯ ಮಟ್ಟದವರೆಗೆ ಏರುತ್ತದೆ ಎಂಬ ಉಳಿದರ್ಧವನ್ನು ಅವರು ಓದಿರಲಿಲ್ಲ. ಈ ಬಾತ್‌ರೂಮಿನಲ್ಲಿ ವಲಯ ಸೀಲಿಂಗನ್ನೇ ಮುಟ್ಟುತ್ತಿತ್ತು, ದೀಪದ ಮುಖ ಅದರೊಳಗೇ ಇತ್ತು.

ಅಡ್ಡಳತೆಯಲ್ಲಿಯೂ ನಮ್ಮವರು ಎಡವುವುದುಂಟು, ಏಕೆಂದರೆ ಎಲ್ಲರ ಬಾಯಲ್ಲಿರುವ 60 ಸೆಂಟಿಮೀಟರ್ ಎಂಬ ಲೆಕ್ಕ ಟಬ್ ಅಥವಾ ಅಂಚುಳ್ಳ ಶವರ್ ಟ್ರೇ ಇರುವ ಬಾತ್‌ರೂಮಿನದು. ಅಲ್ಲಿ ಟಬ್ಬಿನ ಒಳಭಾಗ ಸೊನ್ನೆಯ ವಲಯ, ಅದರ ನೇರ ಮೇಲೆ ಒಂದನೆಯ ವಲಯ, ಅದರಾಚೆ 60 ಸೆಂಟಿಮೀಟರ್ ಎರಡನೆಯ ವಲಯ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಟ್ರೇ ಇರುವುದಿಲ್ಲ, ನೆಲವೇ ಟ್ರ್ಯಾಪಿನ ಕಡೆಗೆ ಇಳಿಜಾರಾಗಿರುತ್ತದೆ. ಅಂಥ ಕಡೆ ಶವರಿನ ಬಾಯಿಯಿಂದ ಸುತ್ತಲೂ 1.2 ಮೀಟರ್ ಒಂದನೆಯ ವಲಯ, ಆ ನೆಲದ ಮೇಲಿನ ಮೊದಲ 10 ಸೆಂಟಿಮೀಟರ್ ಸೊನ್ನೆಯ ವಲಯ; ಎರಡನೆಯ ವಲಯವೆಂಬುದೇ ಇಲ್ಲ. ಐಪಿ ಎಂದರೆ ಧೂಳು ಮತ್ತು ನೀರನ್ನು ದೀಪ ಎಷ್ಟು ತಡೆಯುತ್ತದೆ ಎಂಬುದರ ಗುರುತು, ಅದರ ಎರಡನೆಯ ಅಂಕಿ ನೀರಿನದು. ಸೊನ್ನೆಯ ವಲಯದಲ್ಲಿ ದೀಪ ಬೇಕೇ ಬೇಕೆಂದರೆ ಐಪಿಎಕ್ಸ್ 7 ಮತ್ತು 12 ವೋಲ್ಟ್. ಒಂದನೆಯ ಮತ್ತು ಎರಡನೆಯ ವಲಯಗಳಿಗೆ ಕನಿಷ್ಠ ಐಪಿಎಕ್ಸ್ 4, ಅಂದರೆ ಎಲ್ಲ ದಿಕ್ಕಿನಿಂದ ಎರಚಿದ ನೀರನ್ನು ತಡೆಯುವಂಥದ್ದು. ಹ್ಯಾಂಡ್ ಶವರ್ ಹಿಡಿದು ಗೋಡೆ ಸೀಲಿಂಗುಗಳನ್ನೆಲ್ಲ ತೊಳೆಯುವ ಮನೆಗೆ ನಾನು 4ನ್ನು ನಂಬುವುದಿಲ್ಲ. ಕೊಳವೆಯಿಂದ ನೇರ ಹೊಡೆಯುವ ನೀರಿಗೆ ಪರೀಕ್ಷೆಯಾದದ್ದು 5.

ಅಡ್ಡಳತೆ ತೆಗೆಯುವುದು ಹೇಗೆ ಎಂಬುದಕ್ಕೆ ಈ ಬಾತ್‌ರೂಮಿನ ಕನ್ನಡಿಯ ದೀಪ ಒಳ್ಳೆಯ ಉದಾಹರಣೆ. ಶವರಿನಿಂದ ನೇರ ಗೆರೆ ಎಳೆದರೆ ಅದು ಒಂದೇ ಮೀಟರ್ ದೂರ, ಅಂದರೆ ವಲಯದೊಳಗೆ. ಆದರೆ ನಡುವೆ ಕದಲದ ಗಾಜಿನ ಪಾರ್ಟಿಷನ್ ಇತ್ತು. ಸ್ಥಿರವಾದ ತಡೆ ಇದ್ದಾಗ ಅಳತೆ ಅದನ್ನು ಸುತ್ತಿ ಹೋಗಬೇಕು; ದಾರದ ಒಂದು ತುದಿಯನ್ನು ಶವರಿನ ಕೆಳಗೆ ಹಿಡಿದು, ಗಾಜಿನ ಅಂಚನ್ನು ಬಳಸಿ ಕನ್ನಡಿಯವರೆಗೆ ಬಿಗಿಯಾಗಿ ಎಳೆದಾಗ 1.7 ಮೀಟರ್ ಬಂತು. ಆ ದೀಪ ವಲಯದ ಹೊರಗೆ. ಅಲ್ಲಿ ಪುಸ್ತಕ ಯಾವ ಐಪಿಯನ್ನೂ ಕೇಳುವುದಿಲ್ಲ, ನಾನು ಹಬೆಗಾಗಿ ಐಪಿ 44 ಹಾಕಿಸುತ್ತೇನೆ. ಪಾರ್ಟಿಷನ್ ಬದಲು ಪರದೆ ಇದ್ದಿದ್ದರೆ ಈ ರಿಯಾಯಿತಿ ಸಿಗುತ್ತಿರಲಿಲ್ಲ.

ಹಾಗಾದರೆ ಶವರಿನ ಪಕ್ಕದ ಡೌನ್‌ಲೈಟಿಗೆ ಏನಾಗಿತ್ತು? ಅದರ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಐಪಿ 65 ಎಂದೇ ಇತ್ತು, ಸ್ಟೋರಿನವರ ಪಟ್ಟಿಯಲ್ಲಿಯೂ ಅದೇ ಇತ್ತು. ಕ್ಲಿಪ್ ಒತ್ತಿ ಕೆಳಗಿಳಿಸಿ, ಹಿಂಬದಿಯ ಬೆಳ್ಳಿ ಬಣ್ಣದ ಸ್ಟಿಕ್ಕರನ್ನು ಟಾರ್ಚಿನ ಬೆಳಕಿಗೆ ಓರೆಯಾಗಿ ಹಿಡಿದಾಗ ಪೂರ್ತಿ ಸಾಲು ಕಂಡಿತು: ಮುಂಭಾಗ ಐಪಿ 65, ಹಿಂಭಾಗ ಐಪಿ 20. ಇದರಲ್ಲಿ ಮೋಸವೇನೂ ಇಲ್ಲ, ಸೀಲಿಂಗಿನೊಳಗೆ ಹುದುಗಿಸುವ ದೀಪಗಳಲ್ಲಿ ಇದು ಸಾಮಾನ್ಯ. ಕೆಳಗಿನಿಂದ ನೀರು ಬರುತ್ತದೆ, ಮೇಲಿನ ಜಾಗ ಒಣಗಿರುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ತಯಾರಿಸಿರುತ್ತಾರೆ. ಹಿಂಬದಿಯ 20ರಲ್ಲಿರುವ ಸೊನ್ನೆಗೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲವೆಂದೇ ಅರ್ಥ.

ಆ ನಂಬಿಕೆಯನ್ನು ನಾವು ಎರಡು ಕಡೆ ಕೆಡಿಸಿದ್ದೆವು. ಮೊದಲನೆಯದು, ದೀಪದ ಅಂಚಿನ ಹಿಂದೆ ಕೂರಬೇಕಾದ ಕಪ್ಪು ಫೋಮಿನ ಗ್ಯಾಸ್ಕೆಟ್ ಅಲ್ಲಿರಲಿಲ್ಲ. ಕೂರಿಸಿದ ಹುಡುಗ ಅದನ್ನು ಪ್ಯಾಕಿಂಗ್ ಎಂದುಕೊಂಡು ಪೆಟ್ಟಿಗೆಯಲ್ಲೇ ಬಿಟ್ಟಿದ್ದ. ಕಟೌಟನ್ನೂ ದೊಡ್ಡದಾಗಿ ಕೊರೆದಿದ್ದರಿಂದ ಒಂದು ಬದಿಯಲ್ಲಿ ಅಂಚು ತೂತನ್ನು ಕೂದಲೆಳೆಯಷ್ಟೇ ಮುಚ್ಚಿತ್ತು. ಗ್ಯಾಸ್ಕೆಟ್ ಒತ್ತಿ ಕೂರದ ದೀಪಕ್ಕೆ ಮುಂಭಾಗದ 65 ಕೂಡ ಬರೀ ಬರಹ. ಎರಡನೆಯದು ಇನ್ನೂ ಕೆಟ್ಟದ್ದು: ಎಗ್ಜಾಸ್ಟ್ ಫ್ಯಾನಿನ ಡಕ್ಟ್ ಹೊರಗೋಡೆಯವರೆಗೆ ಹೋಗಿರಲಿಲ್ಲ, ಫಾಲ್ಸ್ ಸೀಲಿಂಗಿನ ಮೇಲೆ ಜೋತುಬಿದ್ದಿತ್ತು. ಬಾತ್‌ರೂಮಿನ ಹಬೆಯನ್ನೆಲ್ಲ ಫ್ಯಾನೇ ಎತ್ತಿ ಡ್ರೈವರಿನ ಮೇಲೆ ಊದುತ್ತಿತ್ತು. ಮೇಲಿನ ಸ್ಲ್ಯಾಬು ತಣ್ಣಗಿದ್ದುದರಿಂದ ಅಲ್ಲಿ ಹಬೆ ಹನಿಗಟ್ಟಿ, ಟೇಪು ಸುತ್ತಿದ ಕನೆಕ್ಟರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಕನೆಕ್ಟರಿನ ಮೇಲೆ ಜಿಪ್ಸಮ್ಮಿನ ಬಿಳಿ ಧೂಳು ಮೊದಲೇ ಕೂತಿತ್ತು. ಅದು ತೇವವಾಗಿ ಫೇಸಿನ ಸ್ಕ್ರೂವಿನಿಂದ ಅರ್ತಿನ ಸ್ಕ್ರೂವಿಗೆ ತೆಳ್ಳಗಿನ ಹಸಿ ದಾರಿಯಾಗಿತ್ತು, ಕಂದು ಗೆರೆ ಕಣ್ಣಿಗೇ ಕಾಣುತ್ತಿತ್ತು. ಒಂದೆರಡು ಗಂಟೆಯಲ್ಲಿ ಒಣಗಿದರೆ ಮೆಗ್ಗರಿಗೆ ಆ ದಾರಿ ಕಾಣುವುದಿಲ್ಲ.

ಐಪಿಯ ಪರೀಕ್ಷೆಗಳಲ್ಲಿ ಎರಚುವುದೂ ಮುಳುಗಿಸುವುದೂ ನೀರಿನಲ್ಲಿ. ಹಬೆ ಒಳಹೊಕ್ಕು ತಣಿದು ನೀರಾಗುವುದನ್ನು ಐಪಿ 65ರ ಪರೀಕ್ಷೆ ನೋಡುವುದೇ ಇಲ್ಲ. ಆದ್ದರಿಂದ ಹಿಂಬದಿಗೂ 65 ಇರುವ ದೀಪ ತಂದು ಹಾಕಿದರೆ ಸಾಕು ಎಂಬ ಸಲಹೆಯನ್ನು ನಾನು ಒಪ್ಪಲಿಲ್ಲ. ಮೊದಲು ಡಕ್ಟನ್ನು ಹೊರಗೋಡೆಗೆ ಮುಟ್ಟಿಸಿದೆವು. ಡ್ರೈವರನ್ನು ಬಾತ್‌ರೂಮಿನ ಹೊರಗಿನ ಪ್ಯಾಸೇಜಿನ ಸೀಲಿಂಗಿಗೆ, ಮುಚ್ಚಳ ತೆಗೆದರೆ ಕೈಗೆ ಸಿಗುವಂತೆ ಸಾಗಿಸಿದೆವು. ಹೀಗಾಗಿ ಶವರಿನ ಮೇಲೆ ಈಗ ಹೋಗುವುದು ಡ್ರೈವರಿನ ಆಚೆಯ ಕಡಿಮೆ ವೋಲ್ಟಿನ ತಂತಿ ಮಾತ್ರ. ಕಟೌಟಿಗೆ ಹೊಂದುವ ಅಗಲ ಅಂಚಿನ ದೀಪವನ್ನು ಗ್ಯಾಸ್ಕೆಟ್ ಸಮೇತ ಕೂರಿಸಿ, ಅದೇ ಬಿಸಿನೀರಿನ ಪರೀಕ್ಷೆಯನ್ನು ಮತ್ತೆ ಮಾಡಿ, ನೀರು ನಿಲ್ಲಿಸಿದ ತಕ್ಷಣವೇ ಮೆಗ್ಗರ್ ಹಿಡಿದೆವು. ನೂರರ ಕೆಳಗೆ ಇಳಿಯಲಿಲ್ಲ. ಯಜಮಾನರು ಕಾಫಿ ಕೊಟ್ಟರು, ಎಲಿಮೆಂಟಿನ ದುಡ್ಡು ಮಾತ್ರ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಆಫೀಸಿಗೆ ಬಂದು, ಖರೀದಿ ಪಟ್ಟಿಯಲ್ಲಿ ಐಪಿಗೆ ಮುಂಭಾಗ ಮತ್ತು ಹಿಂಭಾಗ ಎಂದು ಎರಡು ಕಾಲಂ ಬೇಕು, ಡ್ರೈವರಿನದ್ದಕ್ಕೆ ಮೂರನೆಯದು ಬೇಕು ಎಂದು ಬರೆದು ಕೊಟ್ಟೆ. ಸಾಫ್ಟ್‌ವೇರಿನಲ್ಲಿ ಒಂದು ಐಟಂ ಕೋಡಿಗೆ ಒಂದೇ ಐಪಿ ಹಾಕಲು ಜಾಗವಿದೆ, ಹೆಚ್ಚಿನದ್ದನ್ನು ರಿಮಾರ್ಕ್ಸಿನಲ್ಲಿ ಬರೆಯಿರಿ ಎಂದರು ಖರೀದಿ ವಿಭಾಗದವರು. ರಿಮಾರ್ಕ್ಸ್ ಕಾಲಂ ಪರ್ಚೇಸ್ ಆರ್ಡರಿನಲ್ಲಿ ಪ್ರಿಂಟ್ ಆಗುವುದಿಲ್ಲ. ಹಾಗಾಗಿ ಈಗ ಬಾತ್‌ರೂಮಿನ ದೀಪಗಳು ಸೈಟಿಗೆ ಬಂದಾಗ ಪೆಟ್ಟಿಗೆಯ ಮೇಲಿನದನ್ನು ಓದದೆ, ದೀಪವನ್ನು ತಿರುಗಿಸಿ ಹಿಂಬದಿಯ ಸ್ಟಿಕ್ಕರಿನ ಫೋಟೋ ತೆಗೆದು ಕಳುಹಿಸಿದ ಮೇಲೆಯೇ ನಾನು ಸಹಿ ಹಾಕುತ್ತೇನೆ. ಸ್ಟೋರಿನವರಿಗೆ ಇದರಿಂದ ಕಿರಿಕಿರಿಯಾಗುತ್ತಿದೆ.