6.70 ಅಂದರೆ ಶೇಕಡಾ ಎಷ್ಟು?

ನೌಕರಿಗೆ ಅರ್ಜಿ ಹಾಕಲು ಕೊನೆಯ ದಿನ, ಸಂಜೆ. ಸೈಬರ್ ಸೆಂಟರಿನಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳು ಕೂತಿದ್ದಾಳೆ. ಕೈಯಲ್ಲಿರುವುದು ವಿಟಿಯು 2018ರ ಸ್ಕೀಮಿನ ಅಂಕಪಟ್ಟಿ, ಸಿಜಿಪಿಎ 6.70. ಅರ್ಜಿ ಕೇಳುತ್ತಿರುವುದು ಶೇಕಡಾವಾರು, ಕನಿಷ್ಠ ಅರ್ಹತೆ 60.

ಪಕ್ಕದವರು ಹೇಳುತ್ತಾರೆ: "9.5ರಿಂದ ಗುಣಿಸಮ್ಮ, ಎಲ್ಲರೂ ಹಾಗೇ ಹಾಕೋದು." ಬರುವುದು 63.65. ಅರ್ಜಿ ಸಲೀಸಾಗಿ ಸಲ್ಲಿಕೆಯಾಗುತ್ತದೆ. ತೊಂದರೆ ಇರುವುದೇ ಅಲ್ಲಿ. ಹಾಕಿದ ಸಂಖ್ಯೆ ಸರಿಯೇ ಅಂತ ಅರ್ಜಿ ಆಗ ನೋಡುವುದಿಲ್ಲ, ದಾಖಲೆ ಪರಿಶೀಲನೆಯ ದಿನ ಅಧಿಕಾರಿ ನೋಡುತ್ತಾರೆ.

9.5 ಬಂದಿರುವುದು ಸಿಬಿಎಸ್‌ಇ ಹತ್ತನೇ ತರಗತಿಯ ಹಳೆಯ ಗ್ರೇಡ್ ಪದ್ಧತಿಯಿಂದ. ಪದವಿಗೂ ಅದಕ್ಕೂ ಸಂಬಂಧವಿಲ್ಲ. ಆಕೆಯ ಸ್ಕೀಮಿಗೆ ವಿಶ್ವವಿದ್ಯಾಲಯ ಕೊಟ್ಟಿರುವ ಸೂತ್ರ ಇದು:

```
ಶೇಕಡಾ = (CGPA - 0.75) × 10
(6.70 - 0.75) × 10 = 59.50
```

ಅಂದರೆ ಆಕೆ ಅರ್ಹಳಲ್ಲ. ಈ ಸೂತ್ರದಲ್ಲಿ 60 ಮುಟ್ಟಲು 6.75 ಬೇಕು. 59.50 ಅನ್ನು 60 ಮಾಡಿ ಹಾಕುವಂತೆಯೂ ಇಲ್ಲ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಅಧಿಸೂಚನೆಗಳು 59.99 ಅನ್ನೂ 60ಕ್ಕಿಂತ ಕಡಿಮೆ ಎಂದೇ ಎಣಿಸುವುದಾಗಿ ಸ್ಪಷ್ಟವಾಗಿ ಬರೆಯುತ್ತವೆ. ಇದನ್ನು ಅಂದು ಸಂಜೆಯೇ ತಿಳಿದರೆ ಬೇಸರವಾಗುತ್ತದೆ, ನಿಜ. ಆದರೆ ಪರೀಕ್ಷೆ ಪಾಸಾಗಿ, ಮೂಲ ದಾಖಲೆಗಳನ್ನು ಹೊತ್ತುಕೊಂಡು ಹೋದಮೇಲೆ ತಿಳಿಯುವುದು ಅದಕ್ಕಿಂತ ಬಹಳ ನೋವಿನದು.

ಸೂತ್ರ ಸ್ಕೀಮಿನಿಂದ ಸ್ಕೀಮಿಗೆ, ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಹಾಗಾಗಿ ಗೆಳೆಯರ ಸೂತ್ರ ಬೇಡ. ನಿಮ್ಮದೇ ಅಂಕಪಟ್ಟಿಯ ಹಿಂಬದಿ ಅಥವಾ ನಿಮ್ಮ ಬ್ಯಾಚಿನ ನಿಯಮಾವಳಿ ನೋಡಿ. ಎರಡರಲ್ಲೂ ಸಿಗದಿದ್ದರೆ ಪರಿವರ್ತನಾ ಪ್ರಮಾಣಪತ್ರಕ್ಕೆ ಕಾಲೇಜಿನ ಮೂಲಕ ಕೇಳಿ. ಪರಿಶೀಲನೆಯ ದಿನ ಆಧಾರವಾಗಿ ತೋರಿಸಲು ಅದು ಬೇಕಾಗಬಹುದು.

ಇನ್ನೊಂದು ತಪ್ಪು, ಸಿಜಿಪಿಎ ಕಾಣದಿದ್ದಾಗ ಒಂದೊಂದು ಸೆಮಿಸ್ಟರಿನ ಎಸ್‌ಜಿಪಿಎಗಳನ್ನು ಕೂಡಿ ಸೆಮಿಸ್ಟರುಗಳ ಸಂಖ್ಯೆಯಿಂದ ಭಾಗಿಸುವುದು. ಒಂದು ಸೆಮಿಸ್ಟರಿಗೆ 20 ಕ್ರೆಡಿಟ್, ಎಸ್‌ಜಿಪಿಎ 8. ಇನ್ನೊಂದಕ್ಕೆ 24 ಕ್ರೆಡಿಟ್, ಎಸ್‌ಜಿಪಿಎ 6 ಅಂದುಕೊಳ್ಳಿ. ಸರಾಸರಿ 7 ಅನ್ನಿಸುತ್ತದೆ. ಕ್ರೆಡಿಟ್‌ಗಳಿಂದ ಗುಣಿಸಿ ನೋಡಿದರೆ 160 ಮತ್ತು 144, ಒಟ್ಟು 304. ಅದನ್ನು 44ರಿಂದ ಭಾಗಿಸಿದರೆ 6.91. ಇದೇ ಸರಿಯಾದದ್ದು.

ಅರ್ಜಿಯಲ್ಲಿ ಸಿಜಿಪಿಎ ಆಯ್ಕೆಯೂ ಇದ್ದರೆ ಪರಿವರ್ತನೆಯ ಗೋಜೇ ಬೇಡ: 6.70, ಗರಿಷ್ಠ ಎಂಬಲ್ಲಿ 10. ಅದೇ ಅರ್ಜಿಯ ಎಸ್ಸೆಸ್ಸೆಲ್ಸಿ ಸಾಲಿನಲ್ಲಿ ಗರಿಷ್ಠ ಅಂಕ 625, ಪಿಯುಸಿಯ ಹಾಗೆ 600 ಅಲ್ಲ. 548 ಬಂದವರು 600 ಅಂತ ಹಾಕಿದರೆ 87.68 ಇರಬೇಕಾದಲ್ಲಿ 91.33 ಆಗಿರುತ್ತದೆ.