ಎಪಾನೆಟ್‌ನಲ್ಲಿ ಪ್ರೆಶರ್ ಇದೆ, ನಲ್ಲಿಯಲ್ಲಿ ಯಾಕಿಲ್ಲ?

“ಪೈಪುಗಳಲ್ಲಿ ನೀರು ಹರಿಯುವ ಲೆಕ್ಕ ಹಾಕುವ ಎಪಾನೆಟ್ ಸಾಫ್ಟ್‌ವೇರ್‌ನಲ್ಲಿ ಊರಿನ ನೀರಿನ ಮಾಡೆಲ್ ಮಾಡಿದ್ದೇನೆ, ಎಲ್ಲಾ ಕಡೆ 20 ಮೀಟರ್ ಪ್ರೆಶರ್ ತೋರಿಸ್ತಿದೆ, ಆದ್ರೆ ದಿಬ್ಬದ ಮೇಲಿನ ಮನೆಗೆ ನೀರೇ ಹತ್ತಲ್ಲ. ಎಲ್ಲಿ ತಪ್ಪಿದೆ?”

ಹೆಚ್ಚಿನ ಸಲ ತಪ್ಪಿರುವುದು ಡಿಮ್ಯಾಂಡ್‌ನಲ್ಲಿ. ದಿನದ ನೀರನ್ನು 24 ಗಂಟೆಗೆ ಹಂಚಿ ಹಾಕಿರುತ್ತೀರಿ, ಊರಲ್ಲಿ ನೀರು ಬಿಡುವುದು ಎರಡೋ ಮೂರೋ ಗಂಟೆ.

ಶಿರಸಿಯಂಥ ಏರುತಗ್ಗಿನ ಊರಿನ ಒಂದು ಬಡಾವಣೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 160 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 1,08,000 ಲೀಟರ್. ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ 612 ಮೀಟರ್, ಬಡಾವಣೆ ಇರುವುದು 590 ಮೀಟರ್‌ನಲ್ಲಿ. ನಡುವೆ 800 ಮೀಟರ್ ಉದ್ದದ, ಒಳವ್ಯಾಸ 100 ಮಿ.ಮೀ. ಇರುವ ಪೈಪು, ಪೈಪಿನ ಒಳಮೈ ಎಷ್ಟು ನಯ ಅಂತ ಹೇಳುವ ಹೇಜನ್-ವಿಲಿಯಮ್ಸ್‌ನ ಸಿ ಬೆಲೆ 110. ಲೆಕ್ಕ ಸುಲಭವಾಗಲಿ ಅಂತ ಇಡೀ ಬಡಾವಣೆಯನ್ನು ಪೈಪಿನ ತುದಿಯ ಒಂದೇ ಜಂಕ್ಷನ್ ಅಂತ ಹಿಡಿಯೋಣ.

24 ಗಂಟೆಗೆ ಹಂಚಿದರೆ ಸೆಕೆಂಡಿಗೆ 1.25 ಲೀಟರ್. ಪೈಪಿನಲ್ಲಿ ಕಳೆದುಹೋಗುವ ಹೆಡ್, ಅಂದರೆ ನೀರಿನ ಎತ್ತರದ ಲೆಕ್ಕದಲ್ಲಿ ಹೇಳುವ ಒತ್ತಡ, ಅರ್ಧ ಮೀಟರ್ ಕೂಡ ಇಲ್ಲ, ಹಾಗಾಗಿ ಪ್ರೆಶರ್ ಸುಮಾರು 21.6 ಮೀಟರ್. ನೀವು ನೋಡಿ ಖುಷಿಪಟ್ಟ ಅಂಕಿ ಇಂಥದ್ದೇ. ಅದೇ ನೀರನ್ನು ಮೂರು ಗಂಟೆಯಲ್ಲಿ ಬಿಟ್ಟರೆ ಸೆಕೆಂಡಿಗೆ 10 ಲೀಟರ್ ಹರಿಯಬೇಕು. ಹರಿವು ಎಂಟು ಪಟ್ಟಾಯಿತು, ಆದರೆ ಹೆಡ್ ನಷ್ಟ ಎಂಟು ಪಟ್ಟಲ್ಲ, ಸುಮಾರು 47 ಪಟ್ಟು, ಯಾಕೆಂದರೆ ಅದು ಹರಿವಿನ 1.852ನೇ ಘಾತದಂತೆ ಏರುತ್ತದೆ. 20.8 ಮೀಟರ್ ಪೈಪಿನಲ್ಲೇ ಹೋಗಿ ಉಳಿಯುವುದು 1.2 ಮೀಟರ್. ಒಂದಂತಸ್ತಿನ ಮನೆಗೆ ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುತ್ತಾ ಬಂದಿರುವುದು ಕನಿಷ್ಠ 7 ಮೀಟರ್. ಮತ್ತೆ ನೀರು ಹತ್ತುವುದು ಹೇಗೆ?

ಇದನ್ನು ಮಾಡೆಲ್‌ಗೆ ಹೇಳುವುದು `Pattern` ಮೂಲಕ, ಅಂದರೆ ಬೇಸ್ ಡಿಮ್ಯಾಂಡನ್ನು ಯಾವ ಗಂಟೆಗೆ ಎಷ್ಟರಿಂದ ಗುಣಿಸಬೇಕು ಅನ್ನುವ ಪಟ್ಟಿ. ಬೇಸ್ ಡಿಮ್ಯಾಂಡ್ 1.25 ಹಾಗೇ ಇರಲಿ, ನೀರು ಬಿಡುವ ಮೂರು ಗಂಟೆಗೆ 8, ಉಳಿದ ಗಂಟೆಗಳಿಗೆ 0 ಹಾಕಿ. ದಿನ ಬಿಟ್ಟು ದಿನ ನೀರು ಬರುವ ಕಡೆ ಜನ ಎರಡು ದಿನದ ನೀರು ತುಂಬಿಕೊಳ್ಳುತ್ತಾರಲ್ವಾ, ಅಲ್ಲಿ 8 ಅಲ್ಲ, 16.

ಇನ್ನು ಅದೇ ನೀರನ್ನು ಎರಡೇ ಗಂಟೆಯಲ್ಲಿ ಕೊಡಬೇಕು ಅಂದರೆ ಸೆಕೆಂಡಿಗೆ 15 ಲೀಟರ್, ಆಗ ಪ್ರೆಶರ್ ಮೈನಸ್ 22 ಮೀಟರ್ ಬರುತ್ತದೆ, ಜೊತೆಗೆ `WARNING: Negative pressures` ಅನ್ನುವ ಸಾಲು. ಈ ಮೈನಸ್ ಅಂಕಿಯನ್ನು ನಿಜವಾದ ಪ್ರೆಶರ್ ಅಂತ ಓದಬೇಡಿ. ಸುಮ್ನೆ ಬಿಟ್ಟರೆ ಎಪಾನೆಟ್, ಪ್ರೆಶರ್ ಇರಲಿ ಬಿಡಲಿ, ಕೇಳಿದಷ್ಟು ನೀರು ಸಿಕ್ಕೇ ಸಿಗುತ್ತದೆ ಅಂತ ಹಿಡಿದು ಲೆಕ್ಕ ಮಾಡುತ್ತದೆ. ಅಷ್ಟು ನೀರು ಆ ಪೈಪಿನಲ್ಲಿ ಹೋಗಲಾರದು ಅನ್ನುವುದಷ್ಟೇ ಮೈನಸ್‌ನ ಅರ್ಥ. ನಿಜಕ್ಕೂ ಎಷ್ಟು ಸಿಗುತ್ತದೆ ಅಂತ ನೋಡಲು 2.2 ಆವೃತ್ತಿಯಲ್ಲಿ ಬಂದ, ಪ್ರೆಶರ್ ನೋಡಿ ನೀರು ಕೊಡುವ ಲೆಕ್ಕವನ್ನು ಆನ್ ಮಾಡಿ:

```
[OPTIONS]
UNITS LPS
HEADLOSS H-W
DEMAND MODEL PDA
MINIMUM PRESSURE 0
REQUIRED PRESSURE 7
PRESSURE EXPONENT 0.5
```

ಈಗ ಅದೇ ಜಂಕ್ಷನ್‌ನಲ್ಲಿ 15ರ ಬದಲು ಸುಮಾರು 9.6 ಲೀಟರ್, ಪ್ರೆಶರ್ ಮೂರು ಮೀಟರ್‌ಗಿಂತ ಸ್ವಲ್ಪ ಕಡಿಮೆ. ಇದು ನಂಬುವಂಥ ಉತ್ತರ. ಜಂಕ್ಷನ್‌ಗಳನ್ನು ಬಿಡಿಸಿ ಹಾಕಿದರೆ ಈ ಕೊರತೆ ಹೆಚ್ಚಾಗಿ ಬೀಳುವುದು ಎತ್ತರದ ಮನೆಗಳ ಮೇಲೆ, ತಗ್ಗಿನವರ ಸಂಪು ಮೊದಲು ತುಂಬುತ್ತದೆ.

ಡಿಮ್ಯಾಂಡ್ ಸರಿಯಿದ್ದೂ ಅಂಕಿ ಹೊಂದದಿದ್ದರೆ ಜಂಕ್ಷನ್‌ಗಳ ಎತ್ತರ ನೋಡಿ. ಅಲ್ಲಿ ಐದು ಮೀಟರ್ ತಪ್ಪಾದರೆ ಪ್ರೆಶರ್‌ನಲ್ಲೂ ನೇರ ಐದು ಮೀಟರ್ ತಪ್ಪು. ಉಪಗ್ರಹದ ಎತ್ತರದ ನಕ್ಷೆಗಳು ನಮ್ಮ ಕಡೆ ಅಡಿಕೆ ತೋಟ, ಕಾಡು ಇದ್ದಲ್ಲಿ ನೆಲದ ಬದಲು ಮರದ ಮೇಲ್ಭಾಗವನ್ನೇ ಜಾಸ್ತಿ ಹಿಡಿಯುತ್ತವೆ. ಪೈಪಿನ ಉದ್ದಕ್ಕೆ ಅವು ಸಾಕು, ಎತ್ತರಕ್ಕೆ ಸಾಲುವುದಿಲ್ಲ. ಕನಿಷ್ಠ ಟ್ಯಾಂಕ್, ಅತಿ ಎತ್ತರದ ಮನೆ, ಅತಿ ತಗ್ಗಿನ ಮನೆ, ಇಷ್ಟನ್ನಾದರೂ ಆಟೋ ಲೆವೆಲ್ ಇಟ್ಟು ಅಳೆಸಿ. ವ್ಯಾಸವೂ ಅಷ್ಟೇ: ಎಚ್‌ಡಿಪಿಇ ಪೈಪಿನ 110 ಅನ್ನುವುದು ಹೊರವ್ಯಾಸ, ಮಾಡೆಲ್‌ಗೆ ಬೇಕಾದದ್ದು ಒಳವ್ಯಾಸ.

ಫಲಿತಾಂಶ ಓದುವಾಗ ಪ್ರೆಶರ್ ಒಂದನ್ನೇ ನೋಡಬೇಡಿ. ನೀರು ಬಿಡುವ ಗಂಟೆಯನ್ನು ಆರಿಸಿಕೊಂಡು, ಪೈಪುಗಳ ಮೇಲೆ `Unit Headloss` ಬಣ್ಣ ಹಾಕಿ. ನಮ್ಮ ಮೂರು ಗಂಟೆಯ ಲೆಕ್ಕದಲ್ಲಿ ಅದು ಕಿಲೋಮೀಟರಿಗೆ ಸುಮಾರು 26 ಮೀಟರ್. ನನ್ನ ಅಭ್ಯಾಸದಲ್ಲಿ 10 ದಾಟಿದ ಪೈಪನ್ನು ಮೊದಲು ಅನುಮಾನಿಸುತ್ತೇನೆ. ಆ ಪೈಪನ್ನೇ 150 ಮಿ.ಮೀ. ಮಾಡಿ ಓಡಿಸಿದರೆ ನಷ್ಟ 2.9 ಮೀಟರ್‌ಗೆ ಇಳಿದು ಪ್ರೆಶರ್ 19ಕ್ಕೆ ಏರುತ್ತದೆ. ಟ್ಯಾಂಕನ್ನು ಎತ್ತರಿಸುವ ಮಾತು ಅಲ್ಲಿಗೆ ಬೇಕಾಗುವುದಿಲ್ಲ.

ಆದರೆ ಪೈಪಿಗೆ ದುಡ್ಡು ಹಾಕುವ ಮೊದಲು, ನೀರು ಬಿಟ್ಟ ಹೊತ್ತಿಗೆ ನಲ್ಲಿಗೆ ಗೇಜ್ ಹಾಕಿ ನೋಡಿ. ಒಂದು ಕೆಜಿ ಪ್ರೆಶರ್ ಅಂದರೆ ಹತ್ತು ಮೀಟರ್. ಮಾಡೆಲ್‌ಗಿಂತ ತುಂಬಾ ಕಡಿಮೆ ಬಂದರೆ ಕೆಲವರು ಅಂಕಿ ಹೊಂದುವವರೆಗೆ ಸಿ ಬೆಲೆಯನ್ನು 50, 40 ಅಂತ ಇಳಿಸುತ್ತಾ ಹೋಗುತ್ತಾರೆ. ಹಾಗೆ ಮಾಡಬೇಡಿ. ಅಷ್ಟು ಇಳಿಸಬೇಕಾಗಿ ಬಂದರೆ ದಾರಿಯಲ್ಲಿ ಯಾವುದೋ ವಾಲ್ವ್ ಅರ್ಧ ಮುಚ್ಚಿರಬಹುದು. ನೀರು ಬಿಡುವವರನ್ನು ಕರೆದುಕೊಂಡು ಲೈನಿನುದ್ದಕ್ಕೂ ಒಂದೊಂದೇ ವಾಲ್ವ್ ತಿರುಗಿಸಿ ನೋಡಿ.